ಚಾರ್ಜರ್ ವೈರಿಗೆ ಲೋಟ ಒರಗಿಸುವ ಮುನ್ನ

ದಾವಣಗೆರೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಫೋನನ್ನು ಚಾರ್ಜಿಗೆ ಹಾಕುವುದಕ್ಕೆ ಒಂದು ವಿಧಿಯೇ ಇತ್ತು. ಫೋನನ್ನು ಟಿ.ವಿ. ಸ್ಟ್ಯಾಂಡಿನ ಅಂಚಿಗೆ ಸರಿಯಾಗಿ ಇಡಬೇಕು. ವೈರು ಚುಚ್ಚಿ, ಎಡಕ್ಕೆ ಒಂದಿಷ್ಟು ಬಗ್ಗಿಸಬೇಕು. ಬಗ್ಗಿದ್ದು ಬಗ್ಗಿದ ಹಾಗೇ ನಿಲ್ಲಲು ನೀರು ತುಂಬಿದ ಸ್ಟೀಲ್ ಲೋಟವನ್ನು ಒರಗಿಸಬೇಕು. ಪರದೆಯ ಮೇಲೆ ಮಿಂಚಿನ ಗುರುತು ಮೂಡಿತೆಂದರೆ ಸದ್ದಿಲ್ಲದೆ ಹಿಂದೆ ಸರಿಯಬೇಕು. ಪಕ್ಕದಲ್ಲಿ ಯಾರಾದರೂ ಜೋರಾಗಿ ನಡೆದರೆ ಗುರುತು ಮಾಯ, ವಿಧಿ ಮತ್ತೆ ಮೊದಲಿನಿಂದ.

"ಹಾಳಾಗಿಲ್ಲ ಕಣೋ, ಹಿಂಗ್ ಇಟ್ರೆ ಆಗ್ತದೆ" ಎಂದರು ಚಿಕ್ಕಮ್ಮ. ಬೀದಿಯ ಮೂಲೆಯ ಅಂಗಡಿಯವನು ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿ, "ಪಿನ್ ಹೋಗಿದೆ, ಬೋರ್ಡಿಗೂ ಏಟು ಬಿದ್ದಿರಬಹುದು, ಹೊಸದು ತಗೊಂಡ್ಬಿಡಿ" ಎಂದಿದ್ದ. ಬೆಂಗಳೂರಿನಲ್ಲಿರುವ ಮಗ ಆಗಲೇ 15,000 ರೂಪಾಯಿಯ ಹೊಸ ಫೋನನ್ನು ಆರಿಸಿಟ್ಟಿದ್ದ. ಮೂರು ವರ್ಷದ ಹಳೆಯ ಫೋನು. ಬೇರೆ ಯಾವ ದೂರೂ ಇಲ್ಲ.

ಚಿಕ್ಕಮ್ಮ, ಅಂಗಡಿಯವನು, ಮಗ: ಮೂವರೂ ಮೂರು ತೀರ್ಪು ಕೊಟ್ಟಿದ್ದರು. ಆದರೆ ಆ ತೂತಿನೊಳಗೆ ಏನಾಗಿದೆಯೆಂದು ಒಬ್ಬರೂ ಇಣುಕಿ ನೋಡಿರಲಿಲ್ಲ.

ತೂತಿನೊಳಗೆ ಏನಿದೆ

ಈಗಿನ ಬಹುಪಾಲು ಫೋನುಗಳಲ್ಲಿರುವುದು ಟೈಪ್-ಸಿ ಪೋರ್ಟ್. ರಿಪೇರಿಯವರ ಬಾಯಲ್ಲಿ ಅದು ಚಾರ್ಜಿಂಗ್ ಪಿನ್ ಅಥವಾ ಚಾರ್ಜಿಂಗ್ ಜಾಕ್. ಬೆಳಕು ಹಾಕಿ ನೋಡಿದರೆ ಒಳಗೆ ಮಧ್ಯದಲ್ಲಿ ತೆಳುವಾದ ಕಪ್ಪು ನಾಲಿಗೆಯೊಂದು ಕಾಣುತ್ತದೆ. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರ ಮೇಲೆ 12, ಕೆಳಗೆ 12, ಒಟ್ಟು 24 ಲೋಹದ ಪಟ್ಟಿಗಳಿವೆ. ಎರಡೂ ಮಗ್ಗುಲಲ್ಲಿ ಒಂದೇ ಜೋಡಣೆ ಇರುವುದರಿಂದಲೇ ಈ ವೈರನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ.

ಇಲ್ಲಿ ಒಂದು ಜಾಣ ಲೆಕ್ಕಾಚಾರವಿದೆ. ಫೋನಿನ ನಾಲಿಗೆಯ ಮೇಲಿರುವುದು ಅಲುಗಾಡದ ಪಟ್ಟಿಗಳು ಮಾತ್ರ. ಅವುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನಂಥ ಎಳೆಗಳೂ, 'ಟಕ್' ಎಂದು ಕಚ್ಚಿಕೊಳ್ಳುವ ಕೊಕ್ಕೆಗಳೂ ಇರುವುದು ವೈರಿನ ತಲೆಯಲ್ಲಿ. ಸವೆಯುವ ಭಾಗ ಅಗ್ಗದ ವೈರಿನಲ್ಲಿರಲಿ, ದುಬಾರಿ ಫೋನಿನಲ್ಲಿ ಬೇಡ ಎಂಬುದು ವಿನ್ಯಾಸಕಾರರ ಯೋಚನೆ. ಇದಕ್ಕೆ ಹಿಂದಿನ ಮೈಕ್ರೋ ಯುಎಸ್‌ಬಿಯಲ್ಲೂ ಕಚ್ಚಿಕೊಳ್ಳುವ ಕೊಕ್ಕೆಯನ್ನು ಇದೇ ಕಾರಣಕ್ಕೆ ವೈರಿನ ಕಡೆಗೆ ಕೊಟ್ಟಿದ್ದರು. ಹಳೆಯ ಐಫೋನುಗಳ ಲೈಟ್ನಿಂಗ್ ಮಾತ್ರ ಇದಕ್ಕೆ ಉಲ್ಟಾ: ಅಲ್ಲಿ ಸ್ಪ್ರಿಂಗ್ ಫೋನಿನೊಳಗೇ ಇರುತ್ತದೆ.

ಟೈಪ್-ಸಿ ಜೋಡಣೆ 10,000 ಸಲ ಹಾಕಿ ತೆಗೆಯುವುದನ್ನು ತಾಳಬೇಕೆಂದು ಅದರ ಮಾನದಂಡ ಹೇಳುತ್ತದೆ. ದಿನಕ್ಕೆ ಎರಡು ಸಲ ಚಾರ್ಜಿಗೆ ಹಾಕಿದರೂ ವರ್ಷಕ್ಕೆ 730 ಸಲ. ಆ ಲೆಕ್ಕದಲ್ಲಿ ಪೋರ್ಟು 13 ವರ್ಷಕ್ಕೂ ಹೆಚ್ಚು ಬಾಳಬೇಕು. ಹಾಗಿದ್ದರೆ ಚಿಕ್ಕಮ್ಮನದು ಮೂರೇ ವರ್ಷಕ್ಕೆ ಏಕೆ ಸೋತಿತು?

ಏಕೆಂದರೆ ಆ ಎಣಿಕೆ ನೇರವಾಗಿ ಒಳಗೆ, ನೇರವಾಗಿ ಹೊರಗೆ ಹೋಗುವ ವೈರಿನದು. ಮನೆಯಲ್ಲಿ ಯಾರೂ ಹಾಗೆ ಬಳಸುವುದಿಲ್ಲ. ಹಾಸಿಗೆಯಲ್ಲಿ ಮಲಗಿ, ಫೋನನ್ನು ಎದೆಯ ಮೇಲೆ ಊರಿ, ಅದರ ಭಾರವೆಲ್ಲ ವೈರಿನ ತಲೆಯ ಮೇಲೆ ಬೀಳುವಂತೆ ವಿಡಿಯೋ ನೋಡುತ್ತೇವೆ. ವೈರಿನ ತಲೆ ಫೋನಿನೊಳಗೆ ಇರುವುದು ಸುಮಾರು ಆರೂವರೆ ಮಿಲಿಮೀಟರ್. ಹೊರಗೆ ಚಾಚಿರುವುದು ಎರಡರಿಂದ ಮೂರು ಸೆಂಟಿಮೀಟರ್. ಗಟ್ಟಿ ಮುಚ್ಚಳ ತೆಗೆಯಲು ಚಮಚದ ಹಿಡಿಯನ್ನು ಸಂದಿಗೆ ತೂರಿಸಿ ಮೀಟುತ್ತೇವಲ್ಲ, ಅದೇ ಇದು. ಹೊರತುದಿಯಲ್ಲಿ ಬೀಳುವ ಒತ್ತಡ ಒಳಗೆ ಮೂರು ನಾಲ್ಕು ಪಟ್ಟಾಗಿ ಜಾಕಿನ ಬುಡವನ್ನು ಮೀಟುತ್ತದೆ. ಪೋರ್ಟನ್ನು ಕೊಲ್ಲುವುದು ಹಾಕಿ ತೆಗೆಯುವ ಎಣಿಕೆಯಲ್ಲ, ಅಡ್ಡಡ್ಡ ಮೀಟುವಿಕೆ.

ಬಗ್ಗಿಸಿದರೆ ಮಾತ್ರ ಏಕೆ ಆಗುತ್ತದೆ

ಬಗ್ಗಿಸಿದಾಗ ಚಾರ್ಜ್ ಆಗುತ್ತದೆಂದರೆ, ಎಲ್ಲೋ ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಸಂದಿ ಬಿದ್ದಿದೆ, ಬಗ್ಗಿಸಿದಾಗ ಅದು ಮುಚ್ಚಿಕೊಳ್ಳುತ್ತಿದೆ ಎಂದೇ ಅರ್ಥ. ಸಂದಿ ನಾಲ್ಕು ಕಡೆ ಬೀಳಬಹುದು. ವೈರಿನ ಸ್ಪ್ರಿಂಗ್ ಸಡಿಲವಾಗಿರಬಹುದು, ಇಲ್ಲವೇ ತಲೆಯ ಕುತ್ತಿಗೆಯಲ್ಲಿ ಒಳಗಿನ ತಂತಿ ತುಂಡಾಗಿರಬಹುದು. ತೂತಿನಲ್ಲಿ ಕಸ ತುಂಬಿ ವೈರು ಪೂರ್ತಿ ಒಳಗೆ ಹೋಗದೆ ಇರಬಹುದು. ಜಾಕಿನ ನಾಲಿಗೆ ಬಾಗಿರಬಹುದು, ಪಟ್ಟಿಗಳು ಕಪ್ಪುಗಟ್ಟಿರಬಹುದು. ಕೊನೆಯದಾಗಿ, ಜಾಕನ್ನು ಬೋರ್ಡಿಗೆ ಹಿಡಿದಿಟ್ಟಿರುವ ಬೆಸುಗೆ ಬಿರುಕುಬಿಟ್ಟಿರಬಹುದು.

ಮೊದಲ ಎರಡಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಕೊನೆಯ ಎರಡಕ್ಕೆ ಅಂಗಡಿಗೆ ಹೋಗಲೇಬೇಕು. ಹೊರಗಿನಿಂದ ನೋಡುವವರಿಗೆ ಮಾತ್ರ ನಾಲ್ಕೂ ಒಂದೇ ತರಹ ಕಾಣುತ್ತವೆ. ಅದಕ್ಕೇ ಪರೀಕ್ಷೆ ಅಗ್ಗದಿಂದ ಶುರುವಾಗಬೇಕು.

ಹಾಗಂತ ಬಗ್ಗಿಸಿಟ್ಟು ದಿನ ದೂಡುವುದು ಉಪಾಯವಲ್ಲ. ಬೆಸುಗೆ ಬಿರುಕುಬಿಟ್ಟಿದ್ದರೆ ಲೋಟದ ಭಾರ ಆ ಬಿರುಕನ್ನು ದಿನದಿನವೂ ಹಿಗ್ಗಿಸುತ್ತದೆ. ಅರೆಬರೆ ತಾಗಿದ ಜಾಗ ಬಿಸಿಯೂ ಆಗುತ್ತದೆ. ಎರಡು ಆಂಪಿಯರ್ ಕರೆಂಟು ಹರಿಯುವಾಗ ಆ ಜಾಗದ ತಡೆ ಕಾಲು ಓಮ್ ಇದ್ದರೂ ಒಂದು ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಒಂದು ವ್ಯಾಟ್ ಎಂದರೆ ಏನು ಮಹಾ ಅನ್ನಿಸಬಹುದು. ಆದರೆ ಅದು ಹುಟ್ಟುವುದು ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ. ಶಾಖಕ್ಕೆ ಲೋಹ ಕಪ್ಪಾಗುತ್ತದೆ, ಕಪ್ಪಾದ ಲೋಹದ ತಡೆ ಇನ್ನೂ ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ. ವೈರಿನ ತಲೆ ಮುಟ್ಟಲಾಗದಷ್ಟು ಸುಡುತ್ತಿದ್ದರೆ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಆ ವೈರನ್ನೂ ಆ ಪೋರ್ಟನ್ನೂ ಬಳಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ದಿಂಬಿನ ಪಕ್ಕದಲ್ಲಿ ಇಂಥ ಫೋನನ್ನು ಚಾರ್ಜಿಗೆ ಹಾಕಿ ಮಲಗುವ ಮಾತಂತೂ ಬೇಡ.

ಮನೆಯಲ್ಲೇ ಮಾಡಿದ ಪರೀಕ್ಷೆ

ಮೊದಲು ವೈರು. ನನ್ನ ಫೋನಿಗೆ ಚೆನ್ನಾಗಿ ನಡೆಯುತ್ತಿದ್ದ ವೈರು ಮತ್ತು ಚಾರ್ಜರನ್ನು ಚಿಕ್ಕಮ್ಮನ ಫೋನಿಗೆ ಹಾಕಿದೆ. ಅವರ ವೈರನ್ನು ನನ್ನ ಫೋನಿಗೆ ಹಾಕಿದೆ. ಈ ಅದಲುಬದಲಿಯೇ ಅರ್ಧ ಉತ್ತರ ಕೊಡುತ್ತದೆ. ತೊಂದರೆ ವೈರಿನ ಜೊತೆ ಬಂದರೆ ವೈರು ಎಸೆಯಿರಿ. ಫೋನಿನ ಜೊತೆ ಉಳಿದರೆ ಮುಂದೆ ನೋಡಿ. ಚಿಕ್ಕಮ್ಮನ ವೈರು ನನ್ನ ಫೋನಿನಲ್ಲೂ ಸ್ವಲ್ಪ ಜೋಲುತ್ತಿತ್ತು, ಆದರೆ ಚಾರ್ಜ್ ಆಯಿತು. ನನ್ನ ವೈರು ಅವರ ಫೋನಿನಲ್ಲಿ ಬಗ್ಗಿಸದೆ ಆಗಲಿಲ್ಲ. ತೊಂದರೆ ಫೋನಿನಲ್ಲೇ ಇತ್ತು.

ಎರಡನೆಯದು, ಸಂದಿ. ವೈರನ್ನು ಒತ್ತಿ ಹಾಕಿ ಅದರ ತಲೆಯ ದಪ್ಪ ಭಾಗ ಫೋನಿನ ಅಂಚಿನಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ನೋಡಿದೆ. ನನ್ನ ಫೋನಿನಲ್ಲಿ ಅದು ಅಂಚಿಗೆ ಅಂಟಿಕೊಂಡು ನಿಲ್ಲುತ್ತಿತ್ತು. ಅವರದರಲ್ಲಿ ಸುಮಾರು ಒಂದು ಮಿಲಿಮೀಟರ್ ಹೊರಗೇ ಉಳಿಯಿತು, 'ಟಕ್' ಎಂಬ ಕಚ್ಚಾಟವೂ ಇರಲಿಲ್ಲ. ಇದು ಕಸದ ಗುರುತು. ಜೇಬು, ಚೀಲಗಳ ನೂಲಿನ ಜುಂಗು ತೂತಿಗೆ ಸೇರುತ್ತದೆ. ಪ್ರತಿಸಲ ವೈರು ಚುಚ್ಚಿದಾಗಲೂ ಅದನ್ನು ಹಿಂದಕ್ಕೆ ದಮ್ಮಸು ಮಾಡುತ್ತೇವೆ. ಕೊನೆಗೆ ಅದು ತೂತಿನ ತಳದಲ್ಲಿ ಒತ್ತಿದ ಬೆರಣಿಯ ಹಾಗೆ ಕೂರುತ್ತದೆ.

ತೆಗೆಯುವ ಕ್ರಮ ಹೀಗೆ. ಫೋನನ್ನು ಪೂರ್ತಿ ಆಫ್ ಮಾಡಬೇಕು. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ತೆಳ್ಳಗೆ ಕೆತ್ತಬೇಕು. ಬೆಳಕು ಹಿಡಿದು, ನಾಲಿಗೆಗೆ ತಾಗಿಸದೆ, ಹೊರಗೋಡೆಗೆ ಒರಗಿಸಿಕೊಂಡು ತಳದವರೆಗೆ ಒಯ್ದು ಮೆಲ್ಲಗೆ ಹೊರಕ್ಕೆ ಗೋರಬೇಕು. ಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ ಬೇಡವೇ ಬೇಡ. ಪಟ್ಟಿಗಳ ಮೇಲಿನ ಲೇಪ ಕೆರೆದುಹೋದರೆ ಅದು ಮತ್ತೆ ಬರುವುದಿಲ್ಲ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಒಳಗೆ ಹೋಗುತ್ತದೆ.

ಚಿಕ್ಕಮ್ಮನ ಫೋನಿನಿಂದ ಅಕ್ಕಿಕಾಳಿನಷ್ಟು ಬೂದುಬಣ್ಣದ ಜುಂಗು ಬಂತು. ಅದರಲ್ಲಿ ಒಂದೆರಡು ಕುಂಕುಮದ ಕಣಗಳೂ ಇದ್ದವು. ಪರ್ಸಿನಲ್ಲಿ ಫೋನಿನ ಪಕ್ಕದಲ್ಲೇ ದೇವಸ್ಥಾನದ ಪ್ರಸಾದದ ಪೊಟ್ಟಣ ಇರುತ್ತಿತ್ತಂತೆ. ವೈರು ಹಾಕಿದಾಗ ಈ ಸಲ 'ಟಕ್' ಕೇಳಿಸಿತು, ಸಂದಿ ಮುಚ್ಚಿತು, ಮಿಂಚಿನ ಗುರುತು ತಾನಾಗಿಯೇ ಮೂಡಿತು. "ಅಷ್ಟೇ ಏನೋ? ಅದಕ್ಕೆ ಹದಿನೈದು ಸಾವಿರನಾ?" ಎಂದು ಚಿಕ್ಕಮ್ಮ ನಕ್ಕರು. ಎಷ್ಟೋ ಫೋನುಗಳ ಕತೆ ಇಲ್ಲಿಗೇ ಮುಗಿಯುತ್ತದೆ. ಇವರದು ಮುಗಿಯಲಿಲ್ಲ. ವೈರಿಗೆ ಬೆರಳು ತಾಗಿಸಿದೊಡನೆ ಗುರುತು ಮತ್ತೆ ಹೋಯಿತು.

ಮೂರನೆಯದು, ಮಗುಚಿ ಹಾಕುವುದು. ಎರಡೂ ಮಗ್ಗುಲಲ್ಲಿ ಒಂದೇ ಜೋಡಣೆ ಇದೆ ಎಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರೆಂಟು ಸಾಗಿಸುವ ಪಟ್ಟಿಗಳು ಮೇಲೂ ಕೆಳಗೂ ಒಟ್ಟಿಗೆ ಕೆಲಸ ಮಾಡುತ್ತವೆ. ಆದರೆ ಚಾರ್ಜರಿನ ಜೊತೆ 'ಎಷ್ಟು ಕೊಡುತ್ತೀಯ' ಎಂದು ಮಾತಾಡುವ ಪಟ್ಟಿ ಪ್ರತಿ ಮಗ್ಗುಲಲ್ಲಿ ಒಂದೇ ಒಂದು. ವೈರಿನಲ್ಲಿ ಆ ಮಾತಿನ ತಂತಿ ಒಂದೇ ಇರುವುದರಿಂದ, ನೀವು ಹೇಗೆ ಹಾಕುತ್ತೀರೋ ಅದರಂತೆ ಫೋನಿನ ಈ ಮಗ್ಗುಲ ಪಟ್ಟಿ ಅಥವಾ ಆ ಮಗ್ಗುಲ ಪಟ್ಟಿ ಕೆಲಸಕ್ಕೆ ಬರುತ್ತದೆ. ಒಂದು ಬಗೆಯಲ್ಲಿ ಹಾಕಿದರೆ ಸಲೀಸು, ಮಗುಚಿ ಹಾಕಿದರೆ ತಕರಾರು ಎಂದಾದರೆ, ಕಸ ತೆಗೆದ ಮೇಲೂ ಹಾಗೇ ಇದ್ದರೆ, ದೋಷ ಫೋನಿನ ಜಾಕಿನದು. ಬೇರೆ ವೈರು ತಂದು ಪ್ರಯೋಜನವಿಲ್ಲ. ಚಿಕ್ಕಮ್ಮನ ಫೋನಿನಲ್ಲಿ ನಡೆದದ್ದು ಇದೇ: ಒಂದು ಬಗೆಯಲ್ಲಿ ಪರವಾಗಿಲ್ಲ, ಇನ್ನೊಂದರಲ್ಲಿ ಜೀವವೇ ಇಲ್ಲ.

ಕೊನೆಗೆ, ವೈರು ಹಾಕಿ ಮೆಲ್ಲಗೆ ಅಲ್ಲಾಡಿಸುತ್ತ ತೂತಿನ ಒಳಗೋಡೆಯನ್ನು ದಿಟ್ಟಿಸಿದೆ. ವೈರು ಮಾತ್ರ ಅಲ್ಲಾಡಿದರೆ ಕಚ್ಚುವಿಕೆ ಸಡಿಲ ಎನ್ನಬಹುದು. ಇಲ್ಲಿ ವೈರಿನ ಜೊತೆ ಜಾಕಿನ ಲೋಹದ ಚೌಕಟ್ಟೇ ಕದಲುತ್ತಿತ್ತು. ಹಾಗೆ ಕದಲಿದರೆ ಬುಡದ ಬೆಸುಗೆ ಬಿಟ್ಟಿದೆ ಎಂದು ಅರ್ಥ. ಇನ್ನು ಅಂಗಡಿಗೆ ಹೋಗದೆ ಗತಿಯಿಲ್ಲ.

ಸಣ್ಣ ಬೋರ್ಡೋ, ದೊಡ್ಡ ಬೋರ್ಡೋ

ರಿಪೇರಿಯ ಖರ್ಚು, ಕಷ್ಟ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿವೆ: ಜಾಕ್ ಕೂತಿರುವುದು ಎಲ್ಲಿ?

ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಜಾಕ್ ಇರುವುದು ಫೋನಿನ ಕೆಳತುದಿಯ ಪುಟ್ಟ ಬೋರ್ಡೊಂದರ ಮೇಲೆ. ರಿಪೇರಿಯವರು ಅದನ್ನು ಸಿಸಿ ಬೋರ್ಡ್, ಚಾರ್ಜಿಂಗ್ ಬೋರ್ಡ್ ಅಥವಾ ಸಬ್ ಬೋರ್ಡ್ ಎನ್ನುತ್ತಾರೆ. ಮೇಲಿನ ಮುಖ್ಯ ಬೋರ್ಡಿಗೂ ಇದಕ್ಕೂ ಒಂದು ಚಪ್ಪಟೆ ಪಟ್ಟಿಯ ಸಂಪರ್ಕ ಇರುತ್ತದೆ. ಹಿಂಬದಿಯ ಮುಚ್ಚಳವನ್ನು ಬಿಸಿ ಮಾಡಿ ಬಿಡಿಸಿ, ಸ್ಕ್ರೂ ಬಿಚ್ಚಿ, ಸ್ಪೀಕರ್ ಡಬ್ಬಿ ತೆಗೆದು, ಹಳೆಯ ಬೋರ್ಡನ್ನು ಎತ್ತಿ ಹೊಸದನ್ನು ಕೂರಿಸಿದರೆ ಮುಗಿಯಿತು. ಬೆಸುಗೆಯ ಕೆಲಸವೇ ಇಲ್ಲ. ಇದು ಅರ್ಧ ಗಂಟೆಯ ಕೆಲಸ.

ಬೇರೆ ಕೆಲವು ಫೋನುಗಳಲ್ಲಿ ಜಾಕನ್ನು ಮುಖ್ಯ ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಬಿಸಿಗಾಳಿಯ ಬ್ಲೋವರ್, ಸೂಕ್ಷ್ಮದರ್ಶಕ, ಪಳಗಿದ ಕೈ ಮೂರೂ ಬೇಕು. ಶಾಖ ಕಡಿಮೆಯಾದರೆ ಜಾಕ್ ಬಿಡುವುದಿಲ್ಲ. ಹೆಚ್ಚಾದರೆ ಪ್ಲಾಸ್ಟಿಕ್ ಕರಗುತ್ತದೆ, ಸುತ್ತಲಿನ ಸಣ್ಣ ಬಿಡಿಭಾಗಗಳು ಜಾಗ ಬಿಡುತ್ತವೆ. ಅವಸರದಲ್ಲಿ ಎಳೆದರೆ ಬೋರ್ಡಿನ ತಾಮ್ರದ ಪಟ್ಟಿಯೇ ಕಿತ್ತು ಬರುತ್ತದೆ, ಆಮೇಲೆ ಫೋನನ್ನು ಸರಿಪಡಿಸುವುದು ಬಹಳ ಕಷ್ಟ. ಇಂಥ ಕೆಲಸವನ್ನು ಮೂಲೆಯಂಗಡಿಗೆ ಕೊಡಬಾರದು.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು, "ಇದರಲ್ಲಿ ಸಿಸಿ ಬೋರ್ಡ್ ಬೇರೆ ಬರುತ್ತದೋ, ಮದರ್‌ಬೋರ್ಡಿನಲ್ಲೇ ಇದೆಯೋ?" ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ. ಚಿಕ್ಕಮ್ಮನನ್ನು ಕರೆದುಕೊಂಡು ನಾನು ಹೋದ ಎರಡನೆಯ ಅಂಗಡಿಯ ಹುಡುಗ ಮಾಡೆಲ್ ನಂಬರ್ ನೋಡಿಯೇ, "ಬೇರೆ ಬರುತ್ತೆ ಸರ್. ಲೋಕಲ್ ಬೋರ್ಡ್ ಆದ್ರೆ ಇನ್ನೂರೈವತ್ತು, ಕಂಪನಿದು ಆರ್ನೂರೈವತ್ತು, ಮಜೂರಿ ಇನ್ನೂರು" ಎಂದ.

ಇಲ್ಲೇ ಜನ ಎಡವುವುದು. ಆ ಪುಟ್ಟ ಬೋರ್ಡಿನ ಮೇಲಿರುವುದು ಜಾಕ್ ಒಂದೇ ಅಲ್ಲ. ಮಾತಾಡುವ ಮೈಕ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಂಟೆನಾದ ವೈರೂ ಎಷ್ಟೋ ಫೋನುಗಳಲ್ಲಿ ಅಲ್ಲಿಗೇ ಬರುತ್ತದೆ. ಫಾಸ್ಟ್ ಚಾರ್ಜಿಂಗಿಗೆ ಬೇಕಾದ ಚಿಪ್ಪೂ ಕೆಲವದರಲ್ಲಿ ಇರುತ್ತದೆ. ಅಗ್ಗದ ನಕಲು ಬೋರ್ಡುಗಳು ಈ ಚಿಪ್ಪನ್ನು ಕೈಬಿಟ್ಟಿರುತ್ತವೆ ಅಥವಾ ಕಳಪೆ ಮೈಕ್ ಹಾಕಿರುತ್ತವೆ. ಫೋನು ಚಾರ್ಜ್ ಆಗುತ್ತದೆ ನಿಜ, ಆದರೆ ಒಂದು ಗಂಟೆಯಲ್ಲಿ ತುಂಬುತ್ತಿದ್ದುದಕ್ಕೆ ಮೂರು ಗಂಟೆ ಬೇಕಾಗುತ್ತದೆ. ಫೋನಿನ ಆಚೆ ಇರುವವರು "ಬಾವಿಯೊಳಗಿಂದ ಮಾತಾಡ್ತಿದೀರಾ?" ಎಂದು ಕೇಳುತ್ತಾರೆ. ನಾವು ಕಂಪನಿಯದನ್ನೇ ಹಾಕಿಸಿದೆವು.

ದುಡ್ಡು ಕೊಡುವ ಮುನ್ನ ಅಲ್ಲೇ ನಿಂತು ಪರೀಕ್ಷಿಸಿ. ವೈರನ್ನು ಎರಡೂ ಬಗೆಯಲ್ಲಿ ಹಾಕಿ ನೋಡಿ. ನಿಮ್ಮದೇ ಚಾರ್ಜರಿನಲ್ಲಿ ಪರದೆ ಫಾಸ್ಟ್ ಚಾರ್ಜಿಂಗ್ ಎಂದು ತೋರಿಸುತ್ತದೆಯೇ ನೋಡಿ. ಒಂದು ಕರೆ ಮಾಡಿ ದನಿ ಸರಿಯಿದೆಯೇ ಕೇಳಿ, ನೆಟ್‌ವರ್ಕಿನ ಗೆರೆಗಳು ಮೊದಲಿನಷ್ಟೇ ಇವೆಯೇ ಗಮನಿಸಿ. ಇನ್ನೊಂದು ಮಾತು: ಮುಚ್ಚಳ ಬಿಚ್ಚಿದ ಮೇಲೆ ಫೋನಿನ ನೀರುನಿರೋಧಕ ಅಂಟು ಮೊದಲಿನಂತೆ ಇರುವುದಿಲ್ಲ. ಅಲ್ಲಿಂದ ಮುಂದೆ ಅದನ್ನು ಮಳೆಗೆ ಒಡ್ಡಬೇಡಿ.

ರಿಪೇರಿಯೋ, ಹೊಸದೋ

ಹಳೆಯ ಫೋನಿನ ಬೆಲೆಯ ಎಷ್ಟು ಭಾಗ ರಿಪೇರಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ರೂಢಿ. ಅದಕ್ಕಿಂತ ಸರಿಯಾದ ಲೆಕ್ಕ, ರಿಪೇರಿಯ ನಂತರ ಫೋನು ಇನ್ನೆಷ್ಟು ತಿಂಗಳು ನಡೆಯುತ್ತದೆ ಎಂಬುದು. ಅದನ್ನು ಹೇಳುವುದು ಜಾಕ್ ಅಲ್ಲ, ಬೇರೆ ಎರಡು ಸಂಗತಿಗಳು: ಬ್ಯಾಟರಿಯ ಸ್ಥಿತಿ ಮತ್ತು ಭದ್ರತಾ ಅಪ್‌ಡೇಟ್ ಇನ್ನೆಷ್ಟು ಕಾಲ ಬರುತ್ತದೆ ಎನ್ನುವುದು. ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಜಾಣತನವಲ್ಲ.

ಚಿಕ್ಕಮ್ಮನ ಫೋನಿಗೆ ಇನ್ನೂ ಒಂದೂವರೆ ವರ್ಷ ಅಪ್‌ಡೇಟ್ ಬರುವುದಿತ್ತು. ಬ್ಯಾಟರಿ ಮಾತ್ರ ಸಂಜೆಯೊಳಗೆ ಬರಿದಾಗುತ್ತಿತ್ತು. ಹೇಗೂ ಮುಚ್ಚಳ ಬಿಚ್ಚಿದ್ದರಿಂದ ಬ್ಯಾಟರಿಯನ್ನೂ 900 ರೂಪಾಯಿಗೆ ಬದಲಿಸಿದೆವು. ಆಮೇಲೆ ಮತ್ತೊಮ್ಮೆ ಬಿಚ್ಚಿಸಿದ್ದರೆ ಮಜೂರಿ ಎರಡು ಸಲ ಆಗುತ್ತಿತ್ತು. ಬೋರ್ಡ್ 650, ಬ್ಯಾಟರಿ 900, ಮಜೂರಿ 200, ಒಟ್ಟು 1,750 ರೂಪಾಯಿ. ಹದಿನೆಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 97 ರೂಪಾಯಿ. 15,000ದ ಹೊಸ ಫೋನನ್ನು ನಾಲ್ಕು ವರ್ಷ ಬಳಸಿದರೂ ತಿಂಗಳಿಗೆ 312 ರೂಪಾಯಿಗೂ ಮೇಲೆ. ಮಗ ಆರಿಸಿಟ್ಟಿದ್ದನ್ನು ಕೈಬಿಟ್ಟ.

ಇದೇ ಲೆಕ್ಕ ಬೇರೆ ಫೋನಿನಲ್ಲಿ ತಿರುಗಿಬೀಳಬಹುದು. ಜಾಕ್ ಮುಖ್ಯ ಬೋರ್ಡಿನಲ್ಲಿದ್ದು, ರಿಪೇರಿಗೆ 2,500 ಕೇಳಿ, ಅಪ್‌ಡೇಟ್ ಆರೇ ತಿಂಗಳು ಉಳಿದಿದ್ದರೆ, ತಿಂಗಳಿಗೆ 416 ರೂಪಾಯಿ ಬೀಳುತ್ತದೆ. ಜೊತೆಗೆ ಕೆಲಸ ಕೆಡುವ ಭಯ ಬೇರೆ. ಪರದೆ ಒಡೆದಿದ್ದು ಬ್ಯಾಟರಿಯೂ ಉಬ್ಬಿದ್ದರೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ. ಅಂಥ ಫೋನನ್ನು ಹೊಸದಕ್ಕೆ ಬದಲಿಸುವುದೇ ಸರಿ. ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ ನಿಧಾನವಾಗಿ ಯೋಚಿಸಲು ಸಮಯ ಸಿಗುತ್ತದೆ. ಜಾಕ್ ಸತ್ತರೂ ಫೋನು ಬದುಕಿರುತ್ತದೆ. ಆದರೆ ತೂತಿನಲ್ಲಿ ಸಣ್ಣ ತುದಿಯೊಂದನ್ನು ಬಿಟ್ಟು ಅಯಸ್ಕಾಂತದಿಂದ ಅಂಟಿಸುವ ವೈರುಗಳ ಆಸೆಗೆ ಬೀಳಬೇಡಿ. ಅವು ಯುಎಸ್‌ಬಿ ಮಾನದಂಡಕ್ಕೆ ಸೇರಿದವಲ್ಲ, ತೆರೆದ ಪಿನ್ನುಗಳ ನಡುವೆ ಕಬ್ಬಿಣದ ಪುಡಿ ಅಂಟಿ ಶಾರ್ಟ್ ಆಗಬಹುದು. ಬೆಸುಗೆ ಬಿಟ್ಟ ಜಾಕನ್ನಂತೂ ಅವು ಸರಿಮಾಡುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ವೈರು ಬಗ್ಗಿಸಿ, ಪುಸ್ತಕವನ್ನೋ ಲೋಟವನ್ನೋ ಒರಗಿಸಿ ಚಾರ್ಜ್ ಮಾಡುತ್ತಿದ್ದರೆ, ರಿಪೇರಿಯ ಯೋಚನೆಗಿಂತ ಮೊದಲು ಒಂದು ಕೆಲಸ ಮಾಡಿ. ಆ ಫೋನಿನ ಫೋಟೋ, ನಂಬರು, ವಾಟ್ಸಾಪ್ ಸಂದೇಶಗಳನ್ನು ಇವತ್ತೇ ಬ್ಯಾಕಪ್ ಮಾಡಿಡಿ. ಬಗ್ಗಿಸಿದರೆ ಆಗುವ ಚಾರ್ಜು ಒಂದು ದಿನ ಹೇಗೆ ಬಗ್ಗಿಸಿದರೂ ಆಗುವುದಿಲ್ಲ. ಆಗ ಫೋನಿನಲ್ಲಿರುವುದೆಲ್ಲ ಬ್ಯಾಟರಿಯ ಕೊನೆಯ ಹನಿಯ ಜೊತೆ ಒಳಗೇ ಉಳಿಯುತ್ತದೆ.